ಬೆರಳು ಅದ್ದುವ ಮುಂಚೆ ಓದಿಸಿಕೊಳ್ಳುವ ಕನ್ನಡ

ಬಕೆಟ್ಟಿನಲ್ಲಿ ನೀರು ಕಾಯಿಸುವ ಹೀಟರ್ ರಾಡ್ ಕೊಂಡರೆ ಜೊತೆಗೊಂದು ಮಡಚಿದ ಕಾಗದ ಬರುತ್ತದೆ. ಅದರಲ್ಲಿನ ಕನ್ನಡ ಬಹಳ ಸಲ ಈ ಧಾಟಿಯಲ್ಲಿರುತ್ತದೆ: ‘ಉಪಕರಣವು ವಿದ್ಯುತ್ ಸಂಪರ್ಕದಲ್ಲಿರುವಾಗ ತಾಪಮಾನವನ್ನು ಪರೀಕ್ಷಿಸುವ ಸಲುವಾಗಿ ನೀರನ್ನು ಸ್ಪರ್ಶಿಸುವುದನ್ನು ನಿಷೇಧಿಸಲಾಗಿದೆ.’

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮುಟ್ಟಿದರೆ ಏನಾಗುತ್ತದೆ, ಮುಟ್ಟದೆ ನೀರು ಕಾದಿದ್ದನ್ನು ತಿಳಿಯುವುದು ಹೇಗೆ ಎಂಬ ಎರಡೂ ಮಾತು ಇದರಲ್ಲಿಲ್ಲ. ಜೊತೆಗೆ, ಕನ್ನಡದಲ್ಲಿ ‘ಬೇಡ’ ಎನ್ನುವುದು ವಾಕ್ಯದ ತುದಿಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಅವಸರದಲ್ಲಿ ಓದುವವರು ‘ನೀರನ್ನು ಸ್ಪರ್ಶಿಸುವುದು’ ಎನ್ನುವಲ್ಲಿಗೇ ಕಣ್ಣು ತೆಗೆದುಬಿಡುತ್ತಾರೆ.

ಒಳ್ಳೆಯ ಎಚ್ಚರಿಕೆಯಲ್ಲಿ ನಾಲ್ಕು ಸಂಗತಿ ಇರಬೇಕು: ಗಮನ ಸೆಳೆಯುವ ಒಂದು ಪದ, ಅಪಾಯ ಯಾವುದು, ಅದರಿಂದ ಏನಾಗುತ್ತದೆ, ತಪ್ಪಿಸಿಕೊಳ್ಳಲು ಏನು ಮಾಡಬೇಕು. ಅದೇ ಮಾತನ್ನು ಹೀಗೆ ಬರೆಯಬಹುದು:

ಅಪಾಯ! ಸ್ವಿಚ್ ಆನ್ ಇದ್ದಾಗ ನೀರು ಮುಟ್ಟಬೇಡಿ. ಕರೆಂಟ್ ಹೊಡೆದು ಪ್ರಾಣ ಹೋಗಬಹುದು. ಬಿಸಿ ನೋಡಬೇಕಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಜನ ಬೆರಳು ಅದ್ದುವುದು ಹಟಕ್ಕಲ್ಲ, ನೀರು ಎಷ್ಟು ಹೊತ್ತಿಗೆ ಕಾಯುತ್ತದೆಂದು ಗೊತ್ತಿಲ್ಲದೆ. 1500 ವ್ಯಾಟ್‌ನ ರಾಡ್ 20 ಲೀಟರ್ ತಣ್ಣೀರನ್ನು ಸ್ನಾನದ ಹದಕ್ಕೆ ತರಲು ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ‘ಒಂದು ದೊಡ್ಡ ಬಕೆಟ್ ನೀರಿಗೆ ಅರ್ಧ ಗಂಟೆ’ ಎಂದು ಕೈಪಿಡಿಯೇ ಹೇಳಿಬಿಟ್ಟರೆ ಬೆರಳಿಗೆ ಅರ್ಧ ಕೆಲಸ ತಪ್ಪುತ್ತದೆ.

ಇನ್ನು ಬಳಸುವ ಕ್ರಮ. ‘ಸ್ವಿಚ್ ಆನ್ ಮಾಡಿ, ಆದರೆ ಅದಕ್ಕೂ ಮುನ್ನ ರಾಡ್ ಮುಳುಗಿರುವುದನ್ನು ಖಚಿತಪಡಿಸಿಕೊಳ್ಳಿ’ ಎಂದು ಬರೆದರೆ, ಅರ್ಧ ವಾಕ್ಯ ಓದುವಷ್ಟರಲ್ಲೇ ಕೈ ಸ್ವಿಚ್ಚಿನ ಮೇಲಿರುತ್ತದೆ. ನೀರಿಲ್ಲದೆ ಉರಿದ ರಾಡಿಗೆ ತನ್ನ ಕಾವು ಬಿಡಲು ಜಾಗವಿರುವುದಿಲ್ಲ. ಅದು ಕೆಂಪಗೆ ಕಾದು ಕೊಳವೆ ಬಿರುಕು ಬಿಡಬಹುದು. ಮಾರನೆಯ ದಿನ ಆ ಬಿರುಕಿನಿಂದ ನೀರು ಒಳಗಿಳಿದರೆ ಬಕೆಟ್ಟಿಗೇ ಕರೆಂಟ್ ಬರುತ್ತದೆ. ಆದ್ದರಿಂದ ಮಾತಿನ ಕ್ರಮವೂ ಕೈಯ ಕ್ರಮವೂ ಒಂದೇ ಆಗಿರಬೇಕು, ಒಂದು ಸಾಲಿಗೆ ಒಂದೇ ಕೆಲಸವಿರಬೇಕು:

1. ಪ್ಲಾಸ್ಟಿಕ್ ಬಕೆಟ್ಟಿಗೆ ನೀರು ತುಂಬಿ. ಲೋಹದ ಬಕೆಟ್ ಬೇಡ.
2. ರಾಡನ್ನು ಬಕೆಟ್ಟಿಗೆ ತಾಗದಂತೆ ನೀರಿನಲ್ಲಿ ಇಳಿಬಿಡಿ.
3. ನೀರು ರಾಡಿನ ಮೇಲಿನ ಎರಡು ಗೆರೆಗಳ ನಡುವೆ ಇದೆಯೇ ನೋಡಿ.
4. ಒಣಗಿದ ಕೈಯಿಂದ ಪ್ಲಗ್ ಹಾಕಿ.
5. ಸ್ವಿಚ್ ಆನ್ ಮಾಡಿ.
6. ನೀರು ಕಾದ ಮೇಲೆ ಸ್ವಿಚ್ ಆಫ್ ಮಾಡಿ.
7. ಪ್ಲಗ್ ಕೀಳಿ.
8. ಸ್ವಲ್ಪ ಹೊತ್ತು ಬಿಟ್ಟು ರಾಡ್ ಹೊರತೆಗೆಯಿರಿ.

ಮೂರನೆಯ ಸಾಲನ್ನು ಗಮನಿಸಿ. ‘ಗರಿಷ್ಠ ಮತ್ತು ಕನಿಷ್ಠ ಮಟ್ಟ’ ಎಂದು ಬರೆಯುವ ಬದಲು, ಕಣ್ಣಿಗೆ ಕಾಣುವ ಗೆರೆಯನ್ನೇ ಹೇಳಿದೆ. ‘ಅಪಾಯ’ದ ಸಾಲುಗಳಿಗೆ ಸರಿಯಾದ ಜಾಗ ಐದು ಮತ್ತು ಆರನೆಯ ಹೆಜ್ಜೆಗಳ ನಡುವೆ, ಯಾಕೆಂದರೆ ಬೆರಳು ನೀರಿಗೆ ಹೋಗುವುದು ಅಲ್ಲಿಯೇ. ಹಿಂಬದಿಯ ಪುಟದಲ್ಲಿ ಇಪ್ಪತ್ತು ‘ಬೇಡ’ಗಳ ನಡುವೆ ಸೇರಿಸಿದರೆ ಅದು ಬೇಕಾದ ಗಳಿಗೆಗೆ ಸಿಗುವುದಿಲ್ಲ. ಕಾಗದವಂತೂ ಪೆಟ್ಟಿಗೆಯ ಜೊತೆ ಮೊದಲ ದಿನವೇ ರದ್ದಿಗೆ ಹೋಗುತ್ತದೆ. ಹಾಗಾಗಿ ಈ ಮೂರ್ನಾಲ್ಕು ಸಾಲು ಪ್ಲಗ್ಗಿನ ಹತ್ತಿರ, ವೈರಿಗೆ ಕಟ್ಟಿದ ನೀರು ನಿರೋಧಕ ಚೀಟಿಯ ಮೇಲೂ ಇರಬೇಕು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ‘ಅರ್ಥವಾಯಿತಾ?’ ಎಂದು ಕೇಳಬಾರದು. ಎಲ್ಲರೂ ‘ಹೂಂ’ ಅನ್ನುತ್ತಾರೆ. ರಾಡನ್ನು ಎಂದೂ ಬಳಸದವರ ಕೈಗೆ ಕಾಗದವನ್ನೂ ರಾಡನ್ನೂ ಕೊಟ್ಟು, ಕರೆಂಟಿಲ್ಲದ ಸಾಕೆಟ್ಟಿನ ಮುಂದೆ ಮಾಡಿ ತೋರಿಸಲು ಹೇಳಬೇಕು. ಎಲ್ಲಿ ಕೈ ತಡೆಯಿತು, ಯಾವ ಸಾಲನ್ನು ಎರಡು ಸಲ ಓದಿದರು, ಪ್ಲಗ್ ಕೀಳದೆ ರಾಡ್ ಎತ್ತಿದರೇ ಎಂದು ಸುಮ್ಮನೆ ನೋಡಬೇಕು. ಹಲವರು ಒಂದೇ ಕಡೆ ಎಡವಿದರೆ ತಿದ್ದಬೇಕಾದದ್ದು ಆ ಸಾಲನ್ನೇ.

ಆದರೂ ಮಾತು ಕೊನೆಯ ಕಾವಲು ಮಾತ್ರ. ಮೊದಲನೆಯದು ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್. ಅದರ ಜೊತೆಗೆ, ಕರೆಂಟ್ ಸೋರಿದ ಕ್ಷಣದಲ್ಲೇ ಲೈನ್ ಕಡಿಯುವ ಆರ್‌ಸಿಸಿಬಿ. ಇವಿಲ್ಲದ ಬಚ್ಚಲಿಗೆ ಎಷ್ಟು ಚೆಂದದ ಕನ್ನಡ ಕೊಟ್ಟರೂ ಸಾಲದು. ಹಾಗಾಗಿ ಕೈಪಿಡಿಯ ಮೊದಲ ಸಾಲು ರಾಡಿನ ಬಗ್ಗೆ ಇರಬೇಕಾಗಿಲ್ಲ: ‘ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಇಲ್ಲದಿದ್ದರೆ ಈ ರಾಡ್ ಬಳಸಬೇಡಿ.’