ಬಾರದ ಹೊಲಿಗೆ ಯಂತ್ರ, ಮರಳಿ ಬಂದ ಹಣ

ಹಾಸನದಲ್ಲಿರುವ ನಮ್ಮ ಅತ್ತಿಗೆ ಜನವರಿ 6ರಂದು ಒಂದು ವೆಬ್‌ಸೈಟಿನಲ್ಲಿ ಹೊಲಿಗೆ ಯಂತ್ರಕ್ಕೆ ಆರ್ಡರ್ ಹಾಕಿ, ಕ್ರೆಡಿಟ್ ಕಾರ್ಡಿನಲ್ಲಿ 18,400 ರೂಪಾಯಿ ಕಟ್ಟಿದರು. ಜನವರಿ 16ರೊಳಗೆ ಮನೆಗೆ ತಲುಪುತ್ತದೆ ಎಂದು ಇಮೇಲ್ ಬಂತು, ಯಂತ್ರ ಮಾತ್ರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ “ಮುಂದಿನ ವಾರ ಬರುತ್ತೆ ಮೇಡಂ” ಎಂಬ ಮಾತು. ಫೆಬ್ರವರಿ ಅರ್ಧ ಕಳೆದಾಗ ತಾಳ್ಮೆ ಕೆಟ್ಟು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ, “ನನಗೆ ಮೋಸ ಆಗಿದೆ” ಎಂದರು. ಆ ಕಡೆಯವರು ಕಾರ್ಡನ್ನು ಬ್ಲಾಕ್ ಮಾಡಿ, ವಂಚನೆಯ ದೂರು ಎಂದು ಬರೆದುಕೊಂಡರು. ಹತ್ತು ದಿನಕ್ಕೆ ಉತ್ತರ ಬಂತು: ಹಣ ಹೋಗಿರುವುದು ನಿಮ್ಮ ಒಟಿಪಿಯಿಂದಲೇ, ಆದ್ದರಿಂದ ದೂರನ್ನು ತಿರಸ್ಕರಿಸಲಾಗಿದೆ.

ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಬ್ಯಾಂಕಿನವರ ಲೆಕ್ಕದಲ್ಲಿ ‘ವಂಚನೆ’ ಎಂದರೆ ಕಾರ್ಡುದಾರರಿಗೆ ಗೊತ್ತಿಲ್ಲದೆ ಬೇರೆ ಯಾರೋ ಹಣ ತೆಗೆದದ್ದು. ನಾವೇ ಒಟಿಪಿ ಹಾಕಿ ಕೊಟ್ಟ ಹಣಕ್ಕೆ ಸರಕು ಬಾರದಿದ್ದರೆ ಅದು ಬೇರೆಯದೇ ಬಗೆಯ ತಕರಾರು. “ವ್ಯವಹಾರ ಮಾಡಿದ್ದು ನಾನೇ, ಸರಕು ಬಂದಿಲ್ಲ, ಚಾರ್ಜ್‌ಬ್ಯಾಕ್ ಹಾಕಿ” ಎಂದು ಬರವಣಿಗೆಯಲ್ಲಿ ಕೇಳಬೇಕು. ವೀಸಾ ನೆಟ್‌ವರ್ಕಿನ ನಿಯಮಗಳಲ್ಲಿ ಸರಕು ಅಥವಾ ಸೇವೆ ಸಿಗದ ತಕರಾರಿಗೆ 13.1 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ಅತ್ತಿಗೆಯದು ವೀಸಾ ಕಾರ್ಡು. ಫೆಬ್ರವರಿ 27ರಂದು ಅವರು ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮ್ ತುಂಬಿ ಈ ಮಾತನ್ನೇ ಬರೆದುಕೊಟ್ಟರು.

ಚಾರ್ಜ್‌ಬ್ಯಾಕ್ ಎಂದರೆ ಹಣ ಹೋದ ದಾರಿಯಲ್ಲೇ ಅದನ್ನು ಹಿಂದಕ್ಕೆ ಕರೆಯುವುದು. ನಮ್ಮ ಬ್ಯಾಂಕು ಕಾರ್ಡ್ ನೆಟ್‌ವರ್ಕಿನ ಮೂಲಕ ಮಾರಾಟಗಾರರ ಬ್ಯಾಂಕಿಗೆ ತಕರಾರು ಕಳಿಸುತ್ತದೆ, ಆ ಬ್ಯಾಂಕು ಮಾರಾಟಗಾರರನ್ನು ಕೇಳುತ್ತದೆ. ಇಡೀ ವಾದ ನಡೆಯುವುದು ಎರಡು ಬ್ಯಾಂಕುಗಳ ನಡುವೆ, ಅದೂ ಕಾಗದದ ಮೇಲೆ. ನಮ್ಮನ್ನು ಎದುರಿಗೆ ಕೂರಿಸಿ ಕೇಳುವವರು ಯಾರೂ ಇರುವುದಿಲ್ಲ. ನಾವು ಕಳಿಸಿದ ಕಾಗದದಲ್ಲಿ ಇಲ್ಲದ ಸಂಗತಿ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲು ಬೇಕಾದದ್ದು ದಿನಾಂಕ. ವೀಸಾ ನಿಯಮದ ಪ್ರಕಾರ ಸರಕು ಬರಬೇಕಿದ್ದ ದಿನ ಕಳೆದು ಸಾಮಾನ್ಯವಾಗಿ 15 ದಿನ ಕಾದ ಮೇಲೆ ತಕರಾರು ಹಾಕಬೇಕು. ಆ ಬರಬೇಕಿದ್ದ ದಿನದಿಂದ 120 ದಿನದೊಳಗೆ ಹಾಕಬೇಕು. ಒಟ್ಟಾರೆ ಹಣ ಕಟ್ಟಿ 540 ದಿನ ಮೀರಿರಬಾರದು. ಮಾಸ್ಟರ್‌ಕಾರ್ಡಿನಲ್ಲೂ ಇದೇ 120 ಮತ್ತು 540ರ ಲೆಕ್ಕವಿದೆ. ಅತ್ತಿಗೆಗೆ ಜನವರಿ 16ರಿಂದ ಎಣಿಸಿದರೆ ಬಾಗಿಲು ತೆರೆದದ್ದು ಜನವರಿ 31ಕ್ಕೆ, ಮುಚ್ಚುವುದು ಮೇ 16ಕ್ಕೆ. “ಮುಂದಿನ ವಾರ” ಎನ್ನುವ ಮಾತನ್ನು ನಂಬಿ ಕೂತರೆ ಕರಗುವುದು ಈ ಗಡುವೇ. ಬ್ಯಾಂಕಿಗೂ ಕಾಗದ ನೋಡಲು ಕೆಲವು ದಿನ ಬೇಕು, ಆದ್ದರಿಂದ ಕೊನೆಯ ವಾರದವರೆಗೆ ಕಾಯುವುದು ಅಪಾಯ. ಡೆಲಿವರಿ ದಿನಾಂಕ ತೋರಿಸಿದ್ದ ಇಮೇಲನ್ನು ಆದ್ದರಿಂದಲೇ ಅಳಿಸಬಾರದು. ವೆಬ್‌ಸೈಟಿನಲ್ಲಿ ಆ ದಿನಾಂಕವನ್ನು ಆಮೇಲೆ ಬದಲಿಸಬಹುದು, ನಮ್ಮ ಇನ್‌ಬಾಕ್ಸಿನಲ್ಲಿ ಬದಲಿಸಲಾಗದು.

ಎರಡನೆಯದು, ಮಾರಾಟಗಾರರನ್ನು ಮೊದಲು ಕೇಳಿದ್ದೇವೆ ಎನ್ನುವುದಕ್ಕೆ ಪುರಾವೆ. ಹತ್ತು ಸಲ ಫೋನ್ ಮಾಡಿದ್ದಕ್ಕಿಂತ ಒಂದು ಇಮೇಲ್‌ಗೆ ತೂಕ ಹೆಚ್ಚು. ಅದರಲ್ಲಿ ಆರ್ಡರ್ ಸಂಖ್ಯೆ, ಕಟ್ಟಿದ ಮೊತ್ತ, ಕೊಟ್ಟ ದಿನಾಂಕ ಬರೆದು, “ಯಂತ್ರ ಬಂದಿಲ್ಲ, ಆರ್ಡರ್ ರದ್ದು ಮಾಡಿ ಹಣ ವಾಪಸ್ ಕೊಡಿ” ಎಂದು ಸ್ಪಷ್ಟವಾಗಿ ಕೇಳಿರಬೇಕು. ಅತ್ತಿಗೆ ಫೋನಿನಲ್ಲೇ ಮಾತಾಡಿದ್ದರು. ಡಿಸ್ಪ್ಯೂಟ್ ಫಾರ್ಮ್ ಕೊಡುವ ಮುಂಚೆ ನಾವು ಕೂತು ಇಂಥದೊಂದು ಇಮೇಲ್ ಬರೆದು ಕಳಿಸಿದೆವು. ಒಂದು ವೇಳೆ ಅವರು “ರೀಫಂಡ್ ಮಾಡಿಯಾಗಿದೆ” ಎಂದರೆ ಎಆರ್‌ಎನ್ ಕೇಳಿ. ಅದು 23 ಅಂಕಿಯ ಸಂಖ್ಯೆ, ಕಾರ್ಡಿಗೆ ನಿಜವಾಗಿ ರೀಫಂಡ್ ಕಳಿಸಿದ್ದರೆ ಇದ್ದೇ ಇರುತ್ತದೆ. ಅದನ್ನು ಕೊಟ್ಟರೆ ಹಣ ಎಲ್ಲಿದೆ ಎಂದು ನಮ್ಮ ಬ್ಯಾಂಕೇ ಹುಡುಕಬಲ್ಲದು.

ಮಾರ್ಚ್ 9ರಂದು 18,400 ರೂಪಾಯಿ ಅತ್ತಿಗೆಯ ಕಾರ್ಡಿಗೆ ಜಮೆಯಾಯಿತು. ಅವರು ಸಂಭ್ರಮದಿಂದ ಫೋನ್ ಮಾಡಿದರು, ನಾನು ಸ್ವಲ್ಪ ತಡೆಯಿರಿ ಎಂದೆ. ಇದು ತಾತ್ಕಾಲಿಕ ಜಮೆ, ಎದುರು ಉತ್ತರ ಬಂದರೆ ವಾಪಸ್ ಹೋಗಬಹುದು. ಎಲ್ಲ ಬ್ಯಾಂಕೂ ಇದನ್ನು ಕೊಡುವುದೂ ಇಲ್ಲ. ಕೊಡದಿದ್ದಾಗ, ತಕರಾರಿನ ಮೊತ್ತವನ್ನು ಈ ತಿಂಗಳ ಬಿಲ್ಲಿನಿಂದ ತಡೆಹಿಡಿದಿದ್ದೀರಾ ಎಂದು ಬ್ಯಾಂಕನ್ನು ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು. ನಾವಾಗಿಯೇ ಕಳೆದುಕೊಂಡು ಉಳಿದದ್ದನ್ನು ಮಾತ್ರ ಕಟ್ಟಿದರೆ ಬಡ್ಡಿಯೂ ದಂಡವೂ ಬೀಳಬಹುದು.

ಮಾರಾಟಗಾರರಿಗೆ ಉತ್ತರಿಸಲು, ನೆಟ್‌ವರ್ಕಿಗೆ ಅನುಗುಣವಾಗಿ, ಸಾಮಾನ್ಯವಾಗಿ 30ರಿಂದ 45 ದಿನ ಇರುತ್ತದೆ. ಸುಮ್ಮನಿದ್ದರೆ ಹಣ ನಮ್ಮದು. ಏಪ್ರಿಲ್ 4ಕ್ಕೆ ಅವರ ಉತ್ತರ ಬಂತು: ಒಂದು ಕೊರಿಯರ್ ಸಂಖ್ಯೆ, ಪಕ್ಕದಲ್ಲಿ “ಹಾಸನದಲ್ಲಿ ತಲುಪಿಸಲಾಗಿದೆ” ಎಂಬ ಸಾಲು. ಜಮೆಯಾದ ಹಣ ಮತ್ತೆ ಖರ್ಚಿನ ಸಾಲಿಗೆ ಹೋಯಿತು. ಏಳು ದಿನದಲ್ಲಿ ಉತ್ತರ ಕೊಡಿ ಎಂದು ಬ್ಯಾಂಕು ಅತ್ತಿಗೆಗೆ ಬರೆಯಿತು.

ಈ ಹಂತದಲ್ಲಿ “ನನಗೆ ಬಂದಿಲ್ಲ” ಎಂದು ಇನ್ನೊಮ್ಮೆ ಬರೆದರೆ ಏನೂ ಆಗದು. ಅವರ ಕಾಗದವನ್ನೇ ಹಿಡಿದು ಪ್ರಶ್ನಿಸಬೇಕು. ಯಾವ ವಿಳಾಸಕ್ಕೆ ಹೋಯಿತು? ಸಹಿ ಯಾರದು? ತೂಕ ಎಷ್ಟು? ಅದೇ ಊರಿನ ಬೇರೆ ಯಾರಿಗೋ ಹೋದ ಪಾರ್ಸೆಲ್ಲಿನ ಸಂಖ್ಯೆಯನ್ನು ತೋರಿಸುವುದು ಹಳೆಯ ಕೈಚಳಕ. ಟ್ರ್ಯಾಕಿಂಗ್ ಪುಟದಲ್ಲಿ ಊರಷ್ಟೇ ಕಾಣುವುದರಿಂದ ಅದು ನಿಜವೆಂದೇ ತೋರುತ್ತದೆ. ಅತ್ತಿಗೆ ಹಾಸನದ ಕೊರಿಯರ್ ಕಚೇರಿಗೆ ಹೋಗಿ, ಆ ಸಂಖ್ಯೆಯ ಪಾರ್ಸೆಲ್ ತಮ್ಮ ವಿಳಾಸದ್ದಲ್ಲ, ಅದರ ತೂಕ 250 ಗ್ರಾಂ ಎಂದು ಸೀಲು ಹಾಕಿದ ಪತ್ರ ಬರೆಸಿಕೊಂಡು ಬಂದರು. ಯಂತ್ರದ ಪೆಟ್ಟಿಗೆ 7 ಕಿಲೋ ಎಂದು ವೆಬ್‌ಸೈಟಿನಲ್ಲೇ ಇತ್ತು. ಆರ್ಡರ್ ಹಾಕಿದ ದಿನ ಆ ಪುಟದ ಸ್ಕ್ರೀನ್‌ಶಾಟನ್ನು ಯಾರಿಗೋ ತೋರಿಸಲೆಂದು ಅವರು ತೆಗೆದಿಟ್ಟಿದ್ದರು, ಈಗ ಅದೇ ಕೆಲಸಕ್ಕೆ ಬಂತು.

ಈ ಎರಡು ಕಾಗದದೊಂದಿಗೆ ಬ್ಯಾಂಕು ಏಪ್ರಿಲ್ 15ರಂದು ಮುಂದಿನ ಹಂತಕ್ಕೆ ಹೋಯಿತು. ಇದಕ್ಕೆ ಪ್ರೀ-ಆರ್ಬಿಟ್ರೇಶನ್ ಎನ್ನುತ್ತಾರೆ, ಅಂದರೆ ನೆಟ್‌ವರ್ಕಿನ ತೀರ್ಪಿಗೆ ಹೋಗುವ ಮುಂಚಿನ ಕೊನೆಯ ಪತ್ರ. ಆಗಲೂ ಒಪ್ಪದಿದ್ದರೆ ಆರ್ಬಿಟ್ರೇಶನ್, ಅಲ್ಲಿ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸಂಸ್ಥೆಯೇ ತೀರ್ಮಾನಿಸುತ್ತದೆ. ಸೋತ ಬ್ಯಾಂಕು ನೂರಾರು ಡಾಲರ್ ಶುಲ್ಕ ಕಟ್ಟಬೇಕು. ಹದಿನೆಂಟು ಸಾವಿರಕ್ಕಾಗಿ ಅಷ್ಟು ದೂರ ಹೋಗಲು ಎರಡೂ ಬ್ಯಾಂಕಿಗೆ ಮನಸ್ಸಿರುವುದಿಲ್ಲ. ಹೀಗಾಗಿ ಸಣ್ಣ ಮೊತ್ತದ ತಕರಾರುಗಳು ಸಾಮಾನ್ಯವಾಗಿ ಈ ಪತ್ರದಲ್ಲೇ ಇತ್ಯರ್ಥವಾಗುತ್ತವೆ, ಯಾರ ಕಾಗದ ಗಟ್ಟಿಯೋ ಅವರ ಕಡೆಗೆ. ಮೇ 13ರಂದು ಮಾರಾಟಗಾರರ ಬ್ಯಾಂಕು ಒಪ್ಪಿಕೊಂಡಿತು. ಹಣ ಎರಡನೆಯ ಸಲ ಜಮೆಯಾಯಿತು, ಈ ಸಲ ಕಾಯಂ ಆಗಿ.

ಬ್ಯಾಂಕೇ ತಕರಾರನ್ನು ಮುಟ್ಟದೆ ಕೂತಿದ್ದರೆ? ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಸಮಾಧಾನ ತಾರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ಅವರು ನೋಡುವುದು ಬ್ಯಾಂಕಿನ ಲೋಪವನ್ನು ಮಾತ್ರ. ಮಾರಾಟಗಾರರ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದಕ್ಕೂ ಆಚೆ ಜಿಲ್ಲಾ ಗ್ರಾಹಕ ಆಯೋಗವಿದೆ. ಚಾರ್ಜ್‌ಬ್ಯಾಕ್‌ನಲ್ಲಿ ಸೋತರೂ ಆಯೋಗದ ಬಾಗಿಲು ಮುಚ್ಚುವುದಿಲ್ಲ, ಅಲ್ಲಿ ಪರಿಹಾರವನ್ನೂ ಕೇಳಬಹುದು. ಆಗಲೂ ಕೈಯಲ್ಲಿ ಹಿಡಿದು ಹೋಗಬೇಕಾದದ್ದು ಇದೇ ಕಡತ: ದಿನಾಂಕ ಕೊಟ್ಟ ಇಮೇಲ್, ರದ್ದು ಮಾಡಿ ಎಂದು ಕೇಳಿದ ಇಮೇಲ್, ಕೊರಿಯರ್ ಕಚೇರಿಯ ಪತ್ರ.