ಒಂದು ಅಡುಗೆಮನೆ, ಇಬ್ಬರು ಅಣ್ಣತಮ್ಮಂದಿರು

ಒಂದೇ ಜಾಗ, ಇಬ್ಬರೇ ನಟರು ಎಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಬ್ಬರನ್ನೂ ಕೂರಿಸಿ ಹಳೆಯದನ್ನೆಲ್ಲ ಮಾತಾಡಿಸುತ್ತಾರೆ. ಕಿರುಚಿತ್ರ ಸೊರಗುವುದು ಅಲ್ಲೇ. ಅವರ ಕೈಗೆ ಈಗಲೇ ಮುಗಿಸಬೇಕಾದ ಕೆಲಸ ಕೊಡಿ. ಅಮ್ಮ ತೀರಿಕೊಂಡ ಮೇಲೆ ಅಣ್ಣ, ತಮ್ಮ ಪಾತ್ರೆ ಹಂಚಿಕೊಳ್ಳುತ್ತಿದ್ದಾರೆ. ಟೆಂಪೊ ಬರಲು ಅರ್ಧ ಗಂಟೆಯಿದೆ. ಅಮ್ಮನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ ಇಬ್ಬರಿಗೂ ಬೇಕು, ಕೇಳಲು ಬಾಯಿ ಬರುತ್ತಿಲ್ಲ. "ಕುಕ್ಕರ್ ನೀನೇ ಇಟ್ಕೊಳ್ಳೋ" ಎನ್ನುತ್ತಲೇ ಅಣ್ಣ ಡಬ್ಬಿಯನ್ನು ತನ್ನ ಕಡೆ ಸರಿಸುತ್ತಾನೆ. ತಮ್ಮ ಮುಚ್ಚಳ ಬಿಡುವುದಿಲ್ಲ. ಡಬ್ಬಿ ಯಾರ ಕೈಯಲ್ಲಿದೆ ಎಂಬುದೇ ಕಥೆ. ಶಬ್ದ ತೆಗೆದು ನೋಡಿದರೂ ಜಗಳ ತಿಳಿಯಬೇಕು. 5 ನಿಮಿಷಕ್ಕೆ ಇಷ್ಟು ಧಾರಾಳ.

ಚಿತ್ರೀಕರಿಸುವಾಗ ಫ್ರಿಜ್ ಆಫ್ ಮಾಡಿ. ಅದರ ಗುಂಯ್ ಸದ್ದು ಒಂದು ಶಾಟ್‌ನಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎಡಿಟಿಂಗ್‌ನ ಜೋಡಣೆ ಕಿವಿಗೇ ಗೊತ್ತಾಗುತ್ತದೆ. ಬಿಸಿಲೂ ಸರಿಯುತ್ತಿರುತ್ತದೆ, ಹಾಗಾಗಿ ಕಿಟಕಿ ಕಾಣುವ ಶಾಟ್‌ಗಳನ್ನು ಒಟ್ಟಿಗೇ ತೆಗೆಯಿರಿ.