ಮಾರಾಟವಾಗದ ಹೊಲಿಗೆ ಮಶೀನು ಮತ್ತು ಅದರ ಎರಡನೆಯ ಜಾಹೀರಾತು

ಹಳೆಯ ಸಾಮಾನು ಮಾರುವ ತಾಣಕ್ಕೆ ಹಾಕಿದ ವಸ್ತು ನಾಲ್ಕೈದು ವಾರ ಹೋಗದೆ ಉಳಿದರೆ ಮಾರುವವರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಬೆಲೆ ಇಳಿಸುತ್ತಾರೆ, ಇಲ್ಲವೇ ಅದೇ ಜಾಹೀರಾತನ್ನು ಅಳಿಸಿ ಅದೇ ಮಾತುಗಳಲ್ಲಿ ಮತ್ತೆ ಹಾಕುತ್ತಾರೆ. ಮತ್ತೆ ಹಾಕಿದ್ದು ಪಟ್ಟಿಯ ಮೇಲಕ್ಕೆ ಬರುತ್ತದೆ, ಒಂದೆರಡು ದಿನ ಹೆಚ್ಚು ಜನ ನೋಡುತ್ತಾರೆ. ಮೊದಲ ಸಲ ಕೊಳ್ಳದಿರಲು ಇದ್ದ ಕಾರಣ ಮಾತ್ರ ಹಾಗೆಯೇ ಉಳಿದಿರುತ್ತದೆ. ಆ ಕಾರಣ ಬಹಳ ಸಲ ವಸ್ತುವಿನಲ್ಲಿರುವುದಿಲ್ಲ. ಅದನ್ನು ಕೊಳ್ಳಬೇಕಾದವರಿಗೆ ಬೇಕಾದ ಮಾತು ಬರಹದ ಕೊನೆಯಲ್ಲಿ ಅಡಗಿರುತ್ತದೆ, ಅಥವಾ ಇರುವುದೇ ಇಲ್ಲ.

ಮೈಸೂರಿನ ಒಂದು ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಶೀನು ಮಾರಾಟಕ್ಕಿದೆ ಎಂದಿಟ್ಟುಕೊಳ್ಳೋಣ. ಮೊದಲ ಜಾಹೀರಾತಿನ ಶೀರ್ಷಿಕೆ ‘ಅಜ್ಜಿಯ ಕಾಲದ ಅಪರೂಪದ ಆಂಟಿಕ್ ಮಶೀನ್’. ಕೆಳಗೆ ಹೀಗೆ ಬರೆದಿದೆ: ‘ನಮ್ಮ ಮನೆಯಲ್ಲಿ 40 ವರ್ಷಗಳಿಂದ ಇದೆ. ತೇಗದ ಹಲಗೆ, ಎರಕದ ಕಬ್ಬಿಣದ ಸ್ಟ್ಯಾಂಡ್. ಇಂಥದ್ದು ಈಗ ಸಿಗುವುದಿಲ್ಲ. ಚೆನ್ನಾಗಿ ಕೆಲಸ ಮಾಡುತ್ತದೆ. ಮನೆ ಬದಲಾಯಿಸುತ್ತಿರುವುದರಿಂದ ಮಾರಾಟ. ಬೆಲೆ 5,500 ರೂಪಾಯಿ.’ ಐದು ವಾರದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೆರೆದು ನೋಡಿದ್ದಾರೆ, ಒಂಬತ್ತು ಜನ ಸಂದೇಶ ಕಳಿಸಿದ್ದಾರೆ, ಮನೆಗೆ ಬಂದವರು ಒಬ್ಬರೂ ಇಲ್ಲ.

ಹೊಸ ಬರಹಕ್ಕೆ ಕೈ ಹಚ್ಚುವ ಮೊದಲು ಈ ಮೂರು ಸಂಖ್ಯೆಗಳನ್ನು ಓದಿಕೊಳ್ಳಬೇಕು. ಜಾಹೀರಾತನ್ನು ತೆರೆದವರೇ ಕಡಿಮೆಯಾಗಿದ್ದರೆ ತಪ್ಪು ಶೀರ್ಷಿಕೆಯಲ್ಲೋ ಮೊದಲ ಫೋಟೋದಲ್ಲೋ ಇದೆ; ಒಳಗಿನ ಬರಹವನ್ನು ಎಷ್ಟು ತಿದ್ದಿದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ತೆರೆದವರು ಬಹಳ, ಕೇಳಿದವರು ಯಾರೂ ಇಲ್ಲ ಎಂದಾದರೆ ಬೆಲೆಯನ್ನೋ ವಿವರವನ್ನೋ ನೋಡಿ ಹಿಂದಿರುಗಿದ್ದಾರೆ ಎಂದರ್ಥ. ಕೇಳಿದರು, ಆದರೆ ಬರಲಿಲ್ಲ ಎಂಬ ಮೂರನೆಯ ಸ್ಥಿತಿಯೇ ಎಲ್ಲಕ್ಕಿಂತ ಉಪಯುಕ್ತ. ಕೊಳ್ಳಬೇಕೆಂದಿದ್ದವರು ಎಲ್ಲಿ ತಡೆದು ನಿಂತರು ಎಂಬುದನ್ನು ಅವರ ಬಾಯಿಂದಲೇ ತಿಳಿಯಬಹುದು. ಮೈಸೂರಿನ ಮಶೀನು ಈ ಮೂರನೆಯ ಸಾಲಿಗೆ ಸೇರುತ್ತದೆ.

ಬಂದ ಒಂಬತ್ತು ಸಂದೇಶಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ಚಿತ್ರ ಸ್ಪಷ್ಟವಾಗುತ್ತದೆ. ನಾಲ್ವರು ಕೇಳಿದ್ದು ‘ಈಗ ಓಡುತ್ತಾ?’ ಎಂದು. ಇಬ್ಬರಿಗೆ ಬೇಕಾಗಿದ್ದದ್ದು ಬಾಬಿನ್ನಿನ ವಿಷಯ: ‘ಉದ್ದದ್ದಾ, ಗುಂಡಗಿರೋದಾ?’ ಒಬ್ಬರು ‘ಮೋಟರ್ ಹಾಕಿಸಬಹುದಾ?’ ಎಂದಿದ್ದಾರೆ. ಇನ್ನೊಬ್ಬರು ‘ಯಾವ ಮಹಡಿ, ಆಟೋದಲ್ಲಿ ಹೋಗುತ್ತಾ?’ ಎಂದು ಕೇಳಿದ್ದಾರೆ. ಒಬ್ಬರಿಗೆ ಮಾತ್ರ ಸ್ಟ್ಯಾಂಡ್ ಸಾಕು, ಅದರ ಮೇಲೆ ಗಾಜು ಹಾಸಿ ಮೇಜು ಮಾಡಿಸಲು. ಎಂಟು ಜನ ಹೊಲಿಯಲು ಮಶೀನು ಹುಡುಕುತ್ತಿರುವವರು, ಹಳೆಯ ವಸ್ತುವಿನ ಮೋಹದವರು ಒಬ್ಬರು. ಜಾಹೀರಾತು ಬರೆದದ್ದು ಮಾತ್ರ ಆ ಒಬ್ಬರನ್ನು ನೆನೆದು.

ಇಲ್ಲಿ ‘ಆಂಟಿಕ್’ ಎಂಬ ಮಾತು ಮಾರಾಟಕ್ಕೇ ಅಡ್ಡ ಬಂದಿದೆ. ಟೈಲರಿಂಗ್ ಕಲಿಯುತ್ತಿರುವ ಹೆಣ್ಣುಮಗಳಿಗೆ ಆ ಪದ ಕೇಳಿಸುವುದು ‘ಬಿಡಿಭಾಗ ಸಿಗುವುದಿಲ್ಲ’ ಎಂದು. ಹಳೆಯ ವಸ್ತು ಸಂಗ್ರಹಿಸುವವರಿಗೂ ಅದರಿಂದ ಸಮಾಧಾನವಿಲ್ಲ. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ಇಂಥ ವಸ್ತು ಪುರಾವಸ್ತು ಎನಿಸಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. 40 ವರ್ಷದ ಮಶೀನು ಹಳೆಯದು, ಅಷ್ಟೇ. ‘ಚೆನ್ನಾಗಿ ಕೆಲಸ ಮಾಡುತ್ತದೆ’ ಎಂಬ ವಾಕ್ಯವಂತೂ ಪ್ರತಿ ಜಾಹೀರಾತಿನಲ್ಲೂ ಇರುವುದರಿಂದ ಯಾರೂ ಅದನ್ನು ಓದುವುದೇ ಇಲ್ಲ. ಓದಿಯೂ ನಾಲ್ವರು ‘ಓಡುತ್ತಾ?’ ಎಂದು ಕೇಳಿದ್ದು ಅದಕ್ಕೇ.

ಹಾಗಾಗಿ ಎರಡನೆಯ ಬರಹದ ಒತ್ತು ಹೊಲಿಗೆಯ ಮೇಲೆ ಬೀಳಬೇಕು. ಆದರೆ ಒತ್ತು ಕೊಡುವ ಮೊದಲು ಆ ಮಾತು ನಿಜವೇ ಎಂದು ನೋಡಿಕೊಳ್ಳಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಮಶೀನಿನಲ್ಲಿ ಎಣ್ಣೆ ಗಟ್ಟಿಯಾಗಿ ಚಕ್ರ ಬಿಗಿಯುತ್ತದೆ, ಚರ್ಮದ ಬೆಲ್ಟ್ ಸಡಿಲಾಗಿ ಜಾರುತ್ತದೆ. ಮಶೀನೆಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಟ್ಟೆಯಿಲ್ಲದೆ ತುಳಿದು, ಬೆಲ್ಟನ್ನು ತುಸು ಕತ್ತರಿಸಿ ಮತ್ತೆ ಕೊಂಡಿ ಹಾಕಿ, ಹೊಸ ಸೂಜಿ ಕೂರಿಸಿ, ಎರಡು ಪದರ ಹತ್ತಿ ಬಟ್ಟೆಯ ಮೇಲೆ ಒಂದು ಗೇಣು ಹೊಲಿದು ನೋಡಬೇಕು. ಮೇಲಿನ ಮತ್ತು ಕೆಳಗಿನ ದಾರ ಬಟ್ಟೆಯ ನಡುವೆ ಸಿಕ್ಕಿಕೊಂಡು ಎರಡೂ ಬದಿಯ ಹೊಲಿಗೆ ಒಂದೇ ರೀತಿ ಕಂಡರೆ ಮಶೀನು ಸರಿಯಿದೆ. ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಗಂಟು ಕಟ್ಟಿದರೆ ಮೇಲಿನ ದಾರದ ಬಿಗಿ ಸಾಲದು, ಅಥವಾ ದಾರ ಪೋಣಿಸಿದ್ದು ತಪ್ಪಿದೆ. ಇದನ್ನು ಸರಿಮಾಡದೆ ಹೊಲಿಗೆಯನ್ನೇ ಮುಂದಿಟ್ಟು ಬರೆದರೆ, ಬಂದವರು ಮೊದಲ ಗೇಣಿಗೇ ಎದ್ದು ಹೋಗುತ್ತಾರೆ.

ಹೊಲಿದ ಆ ಬಟ್ಟೆಯ ತುಂಡೇ ಹೊಸ ಜಾಹೀರಾತಿನ ಮೊದಲ ಫೋಟೋ ಆಗಬಹುದು: ಸೂಜಿಯ ಕೆಳಗೆ ಬಟ್ಟೆ, ಅದರ ಮೇಲೆ ಬಣ್ಣದ ದಾರದ ನೇರ ಸಾಲು. ಮೂಲೆಯ ನೆರಳಲ್ಲಿ ನಿಂತ ಇಡೀ ಮಶೀನಿನ ಚಿತ್ರ ಎರಡನೆಯದಾಗಲಿ. ಒಳಗಿನ ಮಾತನ್ನು ಬದಲಿಸಿ ಫೋಟೋವನ್ನು ಹಾಗೆಯೇ ಬಿಟ್ಟರೆ, ಹಿಂದೆ ನೋಡಿದವರು ‘ಓ, ಅದೇ’ ಎಂದು ತೆರೆಯದೆಯೇ ಮುಂದೆ ಹೋಗುತ್ತಾರೆ.

ಶೀರ್ಷಿಕೆಯಲ್ಲಿ ಜಾಗ ಬಹಳ ಕಡಿಮೆ. ಒಎಲ್‌ಎಕ್ಸ್‌ನಲ್ಲಿ ಇರುವುದು 70 ಅಕ್ಷರ. ಕನ್ನಡದಲ್ಲಿ ಬರೆಯುವವರಿಗೆ ಅದು ಇನ್ನೂ ಕಿರಿದಾಗುತ್ತದೆ, ಏಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತದ ಚಿಹ್ನೆಗಳು ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆ ಲೆಕ್ಕದಲ್ಲಿ ಆರು. ಅಂಥ ಜಾಗದಲ್ಲಿ ‘ಅಪರೂಪದ’, ‘ಸೂಪರ್’, ‘ಅರ್ಜೆಂಟ್’ ಎಂಬ ಪದಗಳನ್ನು ಕೂರಿಸುವುದು ದಂಡ. ಇವನ್ನು ಟೈಪಿಸಿ ಹುಡುಕುವವರು ಯಾರೂ ಇಲ್ಲ. ‘ಅರ್ಜೆಂಟ್’ ಎಂದರೆ ಇನ್ನೊಂದು ಅಪಾಯವೂ ಇದೆ: ಅರ್ಧ ಬೆಲೆಗೆ ಕೇಳುವವರು ಅದನ್ನೇ ಕಾಯುತ್ತಿರುತ್ತಾರೆ. ಜನ ಹುಡುಕುವುದು ‘ಹೊಲಿಗೆ ಮಶೀನ್’, ‘ಟೈಲರಿಂಗ್ ಮಶೀನ್’ ಎಂದು, ಅದೂ ಬಹಳ ಸಲ ಇಂಗ್ಲಿಷ್ ಅಕ್ಷರಗಳಲ್ಲಿ. ಆದ್ದರಿಂದ ವಿವರದ ಕೊನೆಯ ಸಾಲಿನಲ್ಲಿ tailoring machine ಎಂದೂ ಸೇರಿಸಿಡುವುದು ಲೇಸು.

ಹೊಸ ಶೀರ್ಷಿಕೆ ಹೀಗಾಗಬಹುದು: ‘ತುಳಿಯುವ ಹೊಲಿಗೆ ಮಶೀನ್, ಗುಂಡು ಬಾಬಿನ್, ಓಡುವ ಸ್ಥಿತಿ’. ಅದರ ಕೆಳಗಿನ ಬರಹ: ‘ಬ್ಲೌಸ್, ಲಂಗ, ನೈಟಿ ಹೊಲಿಯಲು ಸರಿಯಾಗಿದೆ. ಕಲಿಯುವವರಿಗೆ ಅನುಕೂಲ. ಈ ವಾರ ಎಣ್ಣೆ ಹಾಕಿ, ಬೆಲ್ಟ್ ಬಿಗಿಮಾಡಿ, ಹೊಸ ಸೂಜಿ ಹಾಕಲಾಗಿದೆ. ಹೊಲಿದ ಬಟ್ಟೆಯ ಫೋಟೋ ನೋಡಿ. ನೇರ ಹೊಲಿಗೆ ಮಾತ್ರ, ಜಿಗ್‌ಜ್ಯಾಗ್ ಬರುವುದಿಲ್ಲ. ಬಾಬಿನ್, ಸೂಜಿ ಮಾಮೂಲಿ ಅಂಗಡಿಯಲ್ಲಿ ಸಿಗುತ್ತವೆ. ಮೋಟರ್ ಹಾಕಿಸಬಹುದು, ಈಗ ಇಲ್ಲ. ಹಲಗೆಯ ಎಡ ಮೂಲೆಯಲ್ಲಿ ಪದರ ಎದ್ದಿದೆ. ನೆಲಮಹಡಿ, ತಲೆಯನ್ನೂ ಸ್ಟ್ಯಾಂಡನ್ನೂ ಬೇರೆ ಮಾಡಿಕೊಡುತ್ತೇವೆ, ಆಟೋದಲ್ಲಿ ಹೋಗುತ್ತದೆ. ನಿಮ್ಮ ಬಟ್ಟೆ ತಂದು ಹೊಲಿದು ನೋಡಿ ಕೊಳ್ಳಿ. 5,500 ರೂಪಾಯಿ.’

ಎರಡೂ ಬರಹಗಳು ಹೇಳುತ್ತಿರುವುದು ಅದೇ ಮಶೀನಿನ ಕತೆ. ಅಜ್ಜಿ ಹೋದಳು, ತೇಗ ಹೋಯಿತು, 40 ವರ್ಷದ ಲೆಕ್ಕ ಹೋಯಿತು. ಅವು ಸುಳ್ಳಾಗಿರಲಿಲ್ಲ, ಈ ಗಿರಾಕಿಗೆ ಬೇಕಿರಲಿಲ್ಲ. ವಯಸ್ಸನ್ನು ಕೇಳಿದವರಿಗೆ ಹೇಳಲೇಬೇಕು, ಅದರಲ್ಲಿ ಮುಚ್ಚುಮರೆ ಸಲ್ಲದು. ಕೇಳಿದ ಪ್ರತಿ ಪ್ರಶ್ನೆಗೂ ಬರಹದಲ್ಲೇ ಉತ್ತರ ಸಿಕ್ಕಿದೆ. ಎಡ ಮೂಲೆಯ ದೋಷ ಒಳಗೆ ಬಂದಿದೆ; ದೋಷವೊಂದನ್ನು ತಾನಾಗಿ ಹೇಳಿದ ಬರಹದ ಉಳಿದ ಮಾತುಗಳನ್ನು ಓದುವವರು ನಂಬುತ್ತಾರೆ. ಬೆಲೆ ಮಾತ್ರ ಬದಲಾಗಿಲ್ಲ, ಅದು ಬೇಕೆಂದೇ. ಮಾತನ್ನೂ ಬೆಲೆಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ, ಮಾತಿನಿಂದಲೇ ಹೋಗಬಹುದಾಗಿದ್ದ ವಸ್ತುವಿಗೆ ಐನೂರು ರೂಪಾಯಿ ಸುಮ್ಮನೆ ಕಳೆದುಕೊಂಡಂತಾಗುತ್ತದೆ. ವಾರ ಹತ್ತು ದಿನ ಹಳೆಯ ಬೆಲೆಯಲ್ಲೇ ನೋಡಿ, ಆಮೇಲೆ ಇಳಿಸುವುದು ಜಾಣತನ.

ಎಲ್ಲರನ್ನೂ ಹಿಡಿಯುವ ಆಸೆಯಿಂದ ಎರಡೂ ಒತ್ತುಗಳನ್ನು ಒಂದೇ ಬರಹದಲ್ಲಿ ಸೇರಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ‘ಹೊಲಿಯಲೂ ಆಗುತ್ತದೆ, ಮನೆಯ ಅಂದಕ್ಕೂ ಇಡಬಹುದು’ ಎಂದ ಕೂಡಲೇ ಹೊಲಿಯುವವರಿಗೆ ಸಂಶಯ ಬರುತ್ತದೆ: ಅಂದಕ್ಕೆ ಇಡುವ ಮಶೀನು ಸರಿಯಾಗಿ ಹೊಲಿದೀತೇ? ಅಂದ ಬಯಸುವವರಿಗೆ ಎಣ್ಣೆ, ಬೆಲ್ಟಿನ ಮಾತು ಬೇಡ. ಅವರಿಗೆ ಸ್ಟ್ಯಾಂಡಿನ ಉದ್ದಗಲ, ತುಕ್ಕು ಎಲ್ಲಿದೆ ಎಂಬುದು ಬೇಕು. ಹೊಲಿಯುವವರಿಗೆಂದು ಬರೆದದ್ದೂ ಫಲ ಕೊಡದಿದ್ದರೆ ಅದನ್ನು ತೆಗೆದು ಮೂರನೆಯ ಸಲ ಅಂದದವರಿಗೆಂದೇ ಬರೆಯಬಹುದು. ಎರಡನ್ನೂ ಏಕಕಾಲಕ್ಕೆ ಎರಡು ಜಾಹೀರಾತಾಗಿ ಇಡುವುದನ್ನು ತಾಣಗಳು ಒಪ್ಪುವುದಿಲ್ಲ. ಒಂದೇ ಮಶೀನನ್ನು ಎರಡು ಕಡೆ ಕಂಡ ಗಿರಾಕಿಗೂ ಅನುಮಾನ ಹುಟ್ಟುತ್ತದೆ.

ಒತ್ತು ಸರಿಯಾದ ಜಾಗಕ್ಕೆ ಬಿದ್ದಿದೆಯೇ ಎಂಬುದು ಬರುವ ಪ್ರಶ್ನೆಗಳಿಂದಲೇ ತಿಳಿಯುತ್ತದೆ. ‘ಓಡುತ್ತಾ?’ ಎಂಬುದು ನಿಂತು ‘ಭಾನುವಾರ ಬರಬಹುದಾ?’, ‘ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂಬವು ಶುರುವಾದರೆ ಸಂಶಯದ ಘಟ್ಟ ದಾಟಿದೆ, ಇನ್ನು ಚೌಕಾಸಿ ಮಾತ್ರ. ಹೊಸ ಬರಹಕ್ಕೂ ಹಳೆಯ ಪ್ರಶ್ನೆಗಳೇ ಬಂದರೆ ಉತ್ತರವಿರುವ ಸಾಲು ಬಹಳ ಕೆಳಗಿದೆ. ಫೋನಿನ ಪರದೆಯಲ್ಲಿ ಮೊದಲ ಎರಡು ಮೂರು ಸಾಲು ಕಂಡು ಉಳಿದದ್ದು ಮಡಿಚಿಕೊಂಡಿರುವುದು ಸಾಮಾನ್ಯ. ಎಲ್ಲ ಸರಿಯಿದ್ದೂ ಯಾರೂ ಕೇಳದಿದ್ದರೆ ಬರಹದಿಂದ ಆಗುವ ಕೆಲಸ ಮುಗಿದಿದೆ ಎಂದೇ ತಿಳಿಯಬೇಕು. ಇನ್ನಷ್ಟು ಸೇರಿಸಿದರೆ ಅಂಗಡಿಯಲ್ಲಿ ಹೊಸದೇ ಬರುತ್ತದೆ ಎನ್ನುವಂಥ ಬೆಲೆಯನ್ನು ಯಾವ ಮಾತೂ ಉಳಿಸದು.

ಒತ್ತು ಬದಲಿಸುವುದಕ್ಕೆ ಕಾನೂನಿನ ಗಡಿಯೊಂದಿದೆ. 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ನಿನ ಪ್ರಕಾರ, ವರ್ಣನೆಯ ಆಧಾರದ ಮೇಲೆ ಮಾರಿದ ವಸ್ತು ಆ ವರ್ಣನೆಗೆ ತಕ್ಕಂತೆ ಇರಲೇಬೇಕು. ಕೊಂಡವರು ಆಮೇಲೆ ‘ಗುಂಡು ಬಾಬಿನ್ ಎಂದಿದ್ದಿರಿ, ಇದು ಉದ್ದದ್ದು’ ಎಂದರೆ ಮಾರಿದವರ ಬಳಿ ಉತ್ತರವಿರುವುದಿಲ್ಲ. ಅದರಿಂದಲೇ, ಜಾಹೀರಾತು ಹಾಕುವ ಮುನ್ನ ತಟ್ಟೆ ಸರಿಸಿ ಬಾಬಿನ್ ಯಾವುದೆಂದು ಒಮ್ಮೆ ಕಣ್ಣಾರೆ ನೋಡಿಕೊಳ್ಳಿ.